ಕನ್ನಡ ಬಲ್ಲವರು ದೇವನಾಗರಿ ಓದುವ ಬಗೆ, ಮತ್ತು ಒಂದೇ ರೂಪದಲ್ಲಿ ಬೇರೆ ಅರ್ಥ ಕೊಡುವ ಹಿಂದಿ ಪದಗಳು

ಪ್ರಶ್ನೆ: ನನಗೆ ಕನ್ನಡ ಚೆನ್ನಾಗಿ ಓದಿ ಬರೆಯಲು ಬರುತ್ತದೆ. ಹಿಂದಿ ಕೇಳಿದರೆ ಅಲ್ಪಸ್ವಲ್ಪ ಅರ್ಥವಾಗುತ್ತದೆ, ಓದಲು ಮಾತ್ರ ಬರುವುದಿಲ್ಲ. ಇನ್ನೆರಡು ತಿಂಗಳಲ್ಲಿ ಜೈಪುರಕ್ಕೆ ವರ್ಗವಾಗಿ ಹೋಗಬೇಕು. ಎರಡೂ ಅಕ್ಷರಮಾಲೆ ಒಂದೇ ಅಂತ ಎಲ್ಲರೂ ಹೇಳುತ್ತಾರೆ, ಪುಸ್ತಕ ತೆರೆದರೆ ಒಂದಕ್ಷರವೂ ಗುರುತು ಸಿಗುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಎರಡೂ ಭಾಷೆಯಲ್ಲಿರುವ ಪದಗಳು ಬೇರೆ ಬೇರೆ ಅರ್ಥ ಕೊಡುತ್ತವಂತೆ, ಅವನ್ನು ಹೇಗೆ ಗುರುತಿಸುವುದು?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ನೋಡಿ. ಕನ್ನಡದಲ್ಲಿ 13 ಸ್ವರ, 34 ವ್ಯಂಜನ. ಸ್ವರಗಳಿಂದ ಹ್ರಸ್ವ ಎ ಮತ್ತು ಒ ತೆಗೆದರೆ ಉಳಿಯುವ 11 ಹಿಂದಿಯ ಸ್ವರಗಳು. ವ್ಯಂಜನಗಳಿಂದ ಳ ತೆಗೆದರೆ ಉಳಿಯುವ 33 ಹಿಂದಿಯ ವ್ಯಂಜನಗಳು. ಕ-ವರ್ಗ, ಚ-ವರ್ಗ ಎಂಬ ಕ್ರಮವೂ ಅದೇ, ಅಲ್ಪಪ್ರಾಣ ಮಹಾಪ್ರಾಣಗಳ ಜೋಡಿಯೂ ಅದೇ. ಮಸ್ಕಿ, ಬ್ರಹ್ಮಗಿರಿಯ ಅಶೋಕನ ಶಾಸನಗಳಲ್ಲಿರುವ ಬ್ರಾಹ್ಮೀ ಲಿಪಿಯೇ ಎರಡಕ್ಕೂ ಮೂಲವಾದ್ದರಿಂದ ವ್ಯವಸ್ಥೆ ಉಳಿದಿದೆ, ಆಕಾರ ಮಾತ್ರ ದೂರ ಹೋಗಿದೆ. ಹಾಗಾಗಿ "ಅ ಸೇ ಅನಾರ್" ಎಂದು ಚಿತ್ರ ತೋರಿಸುವ ಮಕ್ಕಳ ಪುಸ್ತಕ ನಿಮಗೆ ಬೇಡ. ಅದು ಅಕ್ಷರವೆಂದರೇನೆಂದೇ ಗೊತ್ತಿಲ್ಲದ ಮಗುವಿಗೆ. ನಿಮಗೆ ಬೇಕಾದದ್ದು ಆಕಾರದ ಪರಿಚಯ, ಆಮೇಲೆ ಗುಣಿತ ಮತ್ತು ಒತ್ತಕ್ಷರಗಳಲ್ಲಿ ಎರಡು ಲಿಪಿಗಳು ಎಲ್ಲಿ ಬೇರೆಯಾಗುತ್ತವೆ ಎಂಬ ತಿಳಿವಳಿಕೆ, ಅಷ್ಟೆ.

ಕ ಖ ಗ ಘ ಎಂಬ ಕ್ರಮದಲ್ಲಿ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿ, ಆದರೆ ಆ ಕ್ರಮದಲ್ಲಿ ಕಲಿಯಬೇಡಿ. ಕ್ರಮ ನಿಮಗೆ ಆಗಲೇ ಬಾಯಿಪಾಠ. ಆ ಕ್ರಮದಲ್ಲೇ ಓದಿದರೆ ಕಣ್ಣು ಆಕಾರವನ್ನು ನೋಡದೆ ನೆನಪಿನಿಂದ ಹೇಳಿಕೊಂಡು ಹೋಗುತ್ತದೆ, ಪುಸ್ತಕದ ನಡುವೆ ಒಂಟಿಯಾಗಿ ಕಂಡಾಗ ಗುರುತು ಸಿಗುವುದಿಲ್ಲ. ಆಕಾರ ಹೋಲುವ ಅಕ್ಷರಗಳನ್ನು ಗುಂಪು ಮಾಡಿ ಕಲಿಯಿರಿ. व ಎಂದರೆ ವ. ಅದರ ಹೊಟ್ಟೆಯೊಳಗೆ ಒಂದು ಓರೆಗೆರೆ ಎಳೆದರೆ ब, ಅಂದರೆ ಬ. व ದ ಬಲಕ್ಕೆ ಒಂದು ಕೊಕ್ಕೆ ಹಾಕಿದರೆ क, ಅಂದರೆ ಕ. ಹೀಗೆಯೇ प ಎಂದರೆ ಪ, ಒಳಗೆ ಓರೆಗೆರೆ ಬಂದರೆ ष (ಷ), ಬಲಕ್ಕೆ ಕೊಕ್ಕೆ ಬಂದರೆ फ (ಫ). ಎರಡು ಆಕಾರದಿಂದ ಆರು ಅಕ್ಷರ ಸಿಕ್ಕಿತು.

ಇಲ್ಲಿ ಕನ್ನಡದ ಕಣ್ಣಿಗೆ ಒಂದು ತೊಡಕಿದೆ. ನಮ್ಮಲ್ಲಿ ದ-ಧ, ಡ-ಢ, ಪ-ಫ, ಬ-ಭ ಜೋಡಿಗಳಲ್ಲಿ ಅಕ್ಷರದ ಅಡಿಯಲ್ಲಿ ಒಂದು ಸೀಳು ಬಂದರೆ ಮಹಾಪ್ರಾಣ. ದೇವನಾಗರಿಯಲ್ಲಿ ಅಂಥ ಗುರುತು ಇಲ್ಲ. द ಮತ್ತು ध, ब ಮತ್ತು भ ನಡುವೆ ಯಾವ ಹೋಲಿಕೆಯೂ ಕಾಣುವುದಿಲ್ಲ. ಬದಲಿಗೆ ಸಂಬಂಧವೇ ಇಲ್ಲದ ಅಕ್ಷರಗಳು ಒಂದರಂತೆ ಒಂದು ಕಾಣುತ್ತವೆ: ಘ (घ) ಮತ್ತು ಧ (ध), ಮ (म) ಮತ್ತು ಭ (भ), ಯ (य) ಮತ್ತು ಥ (थ). ಹೊಸಬರು ತಪ್ಪು ಓದುವುದು ಬಹುಪಾಲು ಈ ಮೂರು ಜೋಡಿಗಳಲ್ಲಿ. ಇದಕ್ಕೆ ನೋಡಬೇಕಾದದ್ದು ತಲೆಯ ಮೇಲಿನ ಗೆರೆಯನ್ನು. ಅಕ್ಷರಗಳ ಮೇಲೆ ಅಡ್ಡಲಾಗಿ ಓಡುವ ಆ ಶಿರೋರೇಖೆ घ, म, य ಮೇಲೆ ಪೂರ್ತಿಯಾಗಿದೆ. ध, भ, थ ಮೇಲೆ ಎಡಗಡೆ ಬಿಟ್ಟುಹೋಗಿದ್ದು, ಅಲ್ಲಿ ಸಣ್ಣ ಸುರುಳಿ ಇರುತ್ತದೆ. ಗೆರೆ ತುಂಡಾಗಿದ್ದರೆ ಧ, ಭ, ಥ. ಇಷ್ಟು ನೆನಪಿದ್ದರೆ ಸಾಕು.

ಬೆಳಗಾವಿ, ನಿಪ್ಪಾಣಿ ಕಡೆಯ ಮರಾಠಿ ಫಲಕಗಳನ್ನು ನೋಡಿ ಅಭ್ಯಾಸ ಇರುವವರು ಒಂದು ಗಮನಿಸಬೇಕು. ಮರಾಠಿ ಅಚ್ಚಿನಲ್ಲಿ ಲ ಮತ್ತು ಶ ಆಕಾರ ಹಿಂದಿಯದಕ್ಕಿಂತ ತುಸು ಬೇರೆ, ಜೊತೆಗೆ ळ (ಳ) ಅಲ್ಲಿದೆ. ಹಿಂದಿಯಲ್ಲಿ ಆ ಅಕ್ಷರ ಇಲ್ಲದ್ದರಿಂದ ಕೇರಳ ಎನ್ನುವುದು केरल ಆಗುತ್ತದೆ.

ಇನ್ನು ಗುಣಿತ. ಅಭ್ಯಾಸಕ್ಕೆ ಪುಸ್ತಕ ಹುಡುಕುವುದಕ್ಕೆ ಮುಂಚೆ ಒಂದು ನೂರು ರೂಪಾಯಿಯ ನೋಟು ಮುಂದಿಟ್ಟುಕೊಳ್ಳಿ. ಅದರ ಮೇಲೆ भारतीय रिज़र्व बैंक ಎಂದು ದೊಡ್ಡದಾಗಿಯೂ, केन्द्रीय सरकार द्वारा प्रत्याभूत ಎಂದು ಚಿಕ್ಕದಾಗಿಯೂ ಇರುತ್ತದೆ. ಮೊದಲನೆಯದು ಭಾರತೀಯ ರಿಸರ್ವ್ ಬ್ಯಾಂಕ್, ಎರಡನೆಯದು "ಕೇಂದ್ರ ಸರ್ಕಾರ ಖಾತರಿ ನೀಡಿದ್ದು" ಎಂಬ ಅರ್ಥದ ಮಾತು. ಏಳೇ ಪದ, ಆದರೆ ನಿಮಗೆ ತೊಡಕಾಗುವ ಬಹುತೇಕ ಎಲ್ಲವೂ ಅದರಲ್ಲಿವೆ.

ಭಾರತೀಯ ಎಂಬುದನ್ನು ಒಂದೊಂದೇ ಅಕ್ಷರ ಹಿಡಿದು ನೋಡಿ. भा ದಲ್ಲಿ ಬಲಕ್ಕೆ ನಿಂತ ಒಂದು ಗೆರೆ ನಮ್ಮ ದೀರ್ಘದ ಇಳಿ. ती ಯಲ್ಲಿ ಬಲಕ್ಕೆ ಗೆರೆ ನಿಂತು ಮೇಲೆ ಬಾಗಿದ್ದರೆ ಗುಡಿಸಿನ ದೀರ್ಘ. ಈಗ ಮುಂದಿನ ಪದದ रि ನೋಡಿ. ಇದು ಬರೀ ಗುಡಿಸು, ಆದರೆ ಗೆರೆ ಅಕ್ಷರದ ಎಡಕ್ಕಿದೆ. ಕನ್ನಡದಲ್ಲಿ ಯಾವ ಗುಣಿತ ಚಿಹ್ನೆಯೂ ಅಕ್ಷರಕ್ಕಿಂತ ಮೊದಲು ಬರುವುದಿಲ್ಲ, ಹಾಗಾಗಿ ನಮ್ಮ ಕಣ್ಣು ಆ ಗೆರೆಯನ್ನು ಹಿಂದಿನ ಅಕ್ಷರಕ್ಕೆ ಅಂಟಿಸಿಬಿಡುತ್ತದೆ. कवि (ಕವಿ) ಎಂಬುದನ್ನು "ಕೀವ" ಎಂದೋ "ಕಾವ" ಎಂದೋ ಓದುವುದು ಇದರಿಂದಲೇ. ಉಪಾಯ ಸರಳ. ನಿಂತ ಗೆರೆಯ ನೆತ್ತಿಯಿಂದ ಹೊರಟ ಕಮಾನು ಯಾವ ಕಡೆ ಬಾಗಿದೆ ನೋಡಿ. ಕಮಾನು ಬಲಗಡೆಯ ಅಕ್ಷರದ ಮೇಲೆ ಬಾಗಿದ್ದರೆ ಅದು ಆ ಅಕ್ಷರದ ಹ್ರಸ್ವ ಇಕಾರ, ಎಡಗಡೆಯದರ ಮೇಲೆ ಬಾಗಿದ್ದರೆ ದೀರ್ಘ.

ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸುವವರಿಗೆ ಇದನ್ನು ಕೈಯಿಂದಲೇ ಕಲಿಯುವ ಅನುಕೂಲವಿದೆ. ಆ ವಿನ್ಯಾಸದಲ್ಲಿ ಕ ಇರುವ ಕೀಲಿಯಲ್ಲೇ क ಇದೆ, ಗುಡಿಸು ಇರುವ ಕೀಲಿಯಲ್ಲೇ ि ಇದೆ. ಕನ್ನಡದಲ್ಲಿ "ಕವಿ" ಎಂದು ಒತ್ತಿ, ಭಾಷೆಯನ್ನು ಹಿಂದಿಗೆ ಬದಲಿಸಿ ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿ. ವ ಆದಮೇಲೆ ಒತ್ತಿದ ಗುಡಿಸು ಪರದೆಯ ಮೇಲೆ ತಾನೇ ವ ಎಡಕ್ಕೆ ಜಾರಿ ಕೂರುವುದು ಕಾಣುತ್ತದೆ. ಉಚ್ಚಾರದ ಕ್ರಮ ಒಂದೇ, ತೋರುವ ಜಾಗ ಮಾತ್ರ ಬೇರೆ ಎಂಬುದು ಹೀಗೆ ಮನಸ್ಸಿಗೆ ಹತ್ತಿದಷ್ಟು ಓದಿ ಹತ್ತುವುದಿಲ್ಲ.

ಏತ್ವದ ವಿಷಯದಲ್ಲಿ ಹಿಂದಿ ಬರಹ ಕನ್ನಡಕ್ಕಿಂತ ಬಡವಾಗಿದೆ. के ಎಂದು ಬರೆದದ್ದು ಕೇ. ಹ್ರಸ್ವ ಕೆ ಬರೆಯಲು ಬೇರೆ ಗುರುತಿಲ್ಲ. ನಮ್ಮ ಕೆರೆ, ಕೇರೆ ಎರಡನ್ನೂ ಹಿಂದಿಯಲ್ಲಿ केरे ಎಂದೇ ಬರೆಯಬೇಕು. ಅಕ್ಷರದ ಮೇಲೆ ಒಂದು ಓರೆಗೆರೆ ಇದ್ದರೆ ಏ, ಎರಡಿದ್ದರೆ ऐ. ಈ ಎರಡನೆಯದನ್ನು ನಮ್ಮ ಐ ಎಂದು ಓದುವುದು ಕನ್ನಡಿಗರ ಹಿಂದಿಯಲ್ಲಿ ತಕ್ಷಣ ಕೇಳಿಸುವ ತಪ್ಪು. ನೋಟಿನ ಮೇಲೆ बैंक ಎಂದಿರುವುದನ್ನು ಮತ್ತೆ ನೋಡಿ. ಅಕ್ಷರಶಃ ಓದಿದರೆ "ಬೈಂಕ", ಆದರೆ ಅದು ಬ್ಯಾಂಕ್. ಅಂದರೆ ದಿಲ್ಲಿ, ಜೈಪುರದ ಹಿಂದಿಯಲ್ಲಿ ಎರಡು ಓರೆಗೆರೆ ಎಂದರೆ ಬ್ಯಾಂಕ್ ಪದದಲ್ಲಿ ಬರುವ ಸ್ವರಕ್ಕೆ ಹತ್ತಿರದ ಧ್ವನಿ. है ಎಂಬುದನ್ನು "ಹೈ" ಎನ್ನದೆ ಆ ಸ್ವರದಲ್ಲಿ ಹೇಳಿ ನೋಡಿ, ನಿಮ್ಮ ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಗೆರೆಯ ಲೆಕ್ಕ ತಪ್ಪಿದರೆ ಅರ್ಥವೂ ತಪ್ಪುತ್ತದೆ: में ಎಂದರೆ "ಒಳಗೆ, ಅಲ್ಲಿ", मैं ಎಂದರೆ "ನಾನು".

ಈ ಎರಡು ಪದಗಳ ಮೇಲಿನ ಚುಕ್ಕೆಯೂ ಕನ್ನಡದ ಸೊನ್ನೆಯಂತೆ ಪೂರ್ತಿ ಕೆಲಸ ಮಾಡುವುದಿಲ್ಲ. ಪದದ ನಡುವೆ ವ್ಯಂಜನದ ಮುಂಚೆ ಬಂದರೆ ನಮ್ಮ ಸೊನ್ನೆಯೇ, हिंदी ಎಂದರೆ ಹಿಂದಿ. ಪದದ ಕೊನೆಯಲ್ಲಿ ಬಂದರೆ ಮ್ ಅಲ್ಲ, ಸ್ವರವನ್ನು ಮೂಗಿನಿಂದ ಹೇಳಬೇಕೆಂಬ ಸೂಚನೆ. नहीं ಎಂಬುದನ್ನು "ನಹೀಮ್" ಎಂದು ತುಟಿ ಮುಚ್ಚಬಾರದು. हूँ ಎಂಬಲ್ಲಿ ಕಾಣುವ ಅರ್ಧಚಂದ್ರದ ಚುಕ್ಕೆಗೂ ಇದೇ ಕೆಲಸ. ತಲೆಯ ಮೇಲೆ ಏತ್ವ ಅಥವಾ ಗುಡಿಸು ಇದ್ದು ಜಾಗ ಇಲ್ಲದಿದ್ದಾಗ ಚಂದ್ರ ಬಿಟ್ಟು ಚುಕ್ಕೆಯನ್ನಷ್ಟೇ ಇಡುತ್ತಾರೆ. रिज़र्व ಪದದ ज ಅಡಿಯಲ್ಲಿರುವ ಚುಕ್ಕೆ ಬೇರೆ, ಅದು ನುಕ್ತಾ. ಜ ಅನ್ನು ಉಜ್ಜಿ ಹೇಳಬೇಕೆಂದು ಅರ್ಥ. ಅವಸರದ ಅಚ್ಚಿನಲ್ಲಿ ಅದನ್ನು ಬಿಡುವುದೂ ಉಂಟು.

ಈಗ ಒತ್ತಕ್ಷರ. ಕನ್ನಡ ಓದುವ ಕಣ್ಣು ಹೆಚ್ಚು ಶ್ರಮಪಡಬೇಕಾದದ್ದು ಇಲ್ಲಿ, ಏಕೆಂದರೆ ತರ್ಕವೇ ತಿರುವುಮುರುವು. ಕನ್ನಡದಲ್ಲಿ ಮೊದಲ ವ್ಯಂಜನ ಪೂರ್ತಿಯಾಗಿ ನಿಂತು ಎರಡನೆಯದು ಚಿಕ್ಕದಾಗಿ ಕೆಳಗೆ ಸೇರುತ್ತದೆ. ದೇವನಾಗರಿಯಲ್ಲಿ ಮೊದಲನೆಯದು ಅರ್ಧವಾಗಿ, ಎರಡನೆಯದು ಪೂರ್ತಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಬಹುಪಾಲು ಅಕ್ಷರಗಳ ಬಲಕ್ಕೆ ಒಂದು ನಿಂತ ಗೆರೆ ಇದೆಯಲ್ಲ, ಅರ್ಧ ಮಾಡುವುದೆಂದರೆ ಅದನ್ನು ತೆಗೆಯುವುದು. ನೋಟಿನ प्रत्याभूत ಪದದಲ್ಲಿ त्या ನೋಡಿ: ಗೆರೆ ಕಳೆದುಕೊಂಡ ತ, ಪಕ್ಕದಲ್ಲಿ ಪೂರ್ತಿ ಯ, ಆಮೇಲೆ ದೀರ್ಘದ ಗೆರೆ. ಕನ್ನಡದ ತ್ಯಾ ದಲ್ಲಿ ದೀರ್ಘ ಕೂರುವುದು ತ ಮೇಲೆ, ಯ ಒತ್ತು ಕೆಳಗೆ. ಅಲ್ಲಿ ದೀರ್ಘ ಕೂರುವುದು ಯ ಪಕ್ಕದಲ್ಲಿ. ಗುಣಿತ ಯಾವಾಗಲೂ ಕೊನೆಯ ವ್ಯಂಜನದ ಜೊತೆ ಎಂದು ನೆನಪಿಟ್ಟುಕೊಳ್ಳಿ. ಗುಡಿಸು ಮಾತ್ರ ಇದಕ್ಕೆ ಹೊರತು, ಅದು ಇಡೀ ಗುಂಪಿನ ಎಡಕ್ಕೆ ಹೋಗಿ ನಿಲ್ಲುತ್ತದೆ. स्थिति ಎಂಬಲ್ಲಿ ಗುಡಿಸಿನ ಗೆರೆ ಸ ಗಿಂತ ಮುಂಚೆ ಇದ್ದರೂ ಓದಬೇಕಾದದ್ದು ಸ್ಥಿತಿ. ಮೊದಲು ವ್ಯಂಜನಗಳನ್ನೆಲ್ಲ ಕೂಡಿಸಿ, ಸ್ವರವನ್ನು ಕೊನೆಗೆ ಹೇಳಿ.

ಬಲಕ್ಕೆ ನಿಂತ ಗೆರೆ ಇಲ್ಲದ ಅಕ್ಷರಗಳೂ ಇವೆ: ಟ, ಠ, ಡ, ಢ, ದ, ಹ. ಇವನ್ನು ಅರ್ಧ ಮಾಡಲು ತೆಗೆಯುವುದಕ್ಕೇ ಏನೂ ಇಲ್ಲ. ಆದ್ದರಿಂದ द्वारा ಪದದಲ್ಲಿ ದ ಪೂರ್ತಿಯಾಗಿ ನಿಂತು ವ ಚಿಕ್ಕದಾಗಿ ಅದರ ಅಡಿಗೆ ಸೇರಿದೆ, ನಮ್ಮ ದ್ವಾ ಇದ್ದ ಹಾಗೆಯೇ. ಕನ್ನಡಿಗರಿಗೆ ಇದು ಸಲೀಸು. ಕೇಂದ್ರೀಯ ಹಿಂದಿ ನಿದೇಶಾಲಯದ ಬರಹ ನಿಯಮದಲ್ಲಿ ಮಾತ್ರ ಹೀಗೆ ಒಂದರ ಕೆಳಗೊಂದು ಬರೆಯುವ ಬದಲು ದ ಅಡಿಯಲ್ಲಿ ಹಲಂತದ ಓರೆಗೆರೆ ಎಳೆದು ಮುಂದಿನದನ್ನು ಪಕ್ಕಕ್ಕೆ ಬರೆಯಬೇಕೆಂದಿದೆ. ಹಾಗಾಗಿ ಶಾಲೆಯ ಪುಸ್ತಕದಲ್ಲಿ ಒಂದು ರೂಪ, ಅಂಗಡಿಯ ಫಲಕದಲ್ಲಿ ಇನ್ನೊಂದು ಕಂಡರೆ ಗಾಬರಿಯಾಗಬೇಡಿ.

ರ ತನ್ನದೇ ದಾರಿ ಹಿಡಿಯುವುದು ಎರಡೂ ಲಿಪಿಯಲ್ಲಿ ಒಂದೇ. रिज़र्व ಪದದ ವ ನೆತ್ತಿಯ ಮೇಲಿರುವ ಕೊಕ್ಕೆ ನಮ್ಮ ಅರ್ಕಾವೊತ್ತು. ಧರ್ಮ ಎಂದು ಬರೆಯುವಾಗ ನಾವು ಮ ಬರೆದು ಅದರ ಬಲಕ್ಕೆ ಅರ್ಕಾವೊತ್ತು ಹಾಕುತ್ತೇವೆ, ಓದುವಾಗ ಅದನ್ನು ಮ ಗಿಂತ ಮೊದಲು ಹೇಳುತ್ತೇವೆ. धर्म ಎಂಬಲ್ಲಿ ಅದು ಮ ನೆತ್ತಿಗೆ ಏರಿದೆ, ಓದುವ ನಿಯಮ ಅದೇ. ವರ್ಮಾ ಎಂಬಂತೆ ದೀರ್ಘ ಇದ್ದರೆ ಕೊಕ್ಕೆ ದೀರ್ಘದ ಗೆರೆಯ ಮೇಲೆ ಹೋಗಿ ಕೂರುತ್ತದೆ: वर्मा. ರ ಎರಡನೆಯದಾಗಿ ಬಂದರೆ प्र ದಲ್ಲಿರುವಂತೆ ಕೆಳಗೆ ಒಂದು ಓರೆಗೆರೆ. ट ದಂಥ ಗೆರೆಯಿಲ್ಲದ ಅಕ್ಷರಕ್ಕಾದರೆ ट्र ಎಂಬಲ್ಲಿರುವಂತೆ ಅಡಿಯಲ್ಲಿ ಸಣ್ಣ ಟೊಪ್ಪಿಗೆ. क्ष, त्र, ज्ञ, श्र ನಾಲ್ಕನ್ನು ಮಾತ್ರ ಹಾಗೆಯೇ ನೆನಪಿಡಬೇಕು: ಕ್ಷ, ತ್ರ, ಜ್ಞ, ಶ್ರ. ಇದರಲ್ಲಿ ಜ್ಞ ಹಿಂದಿಯಲ್ಲಿ "ಗ್ಯ" ಎಂದು ಕೇಳಿಸುತ್ತದೆ, ज्ञान ಎಂದರೆ "ಗ್ಯಾನ್". ವಟ್ರಸುಳಿಯೂ "ರಿ" ಆಗುತ್ತದೆ, ಕೃಪಾ ಎಂಬುದು "ಕ್ರಿಪಾ".

ಓದುವುದರ ಕೊನೆಯ ಕಟ್ಟು ಅಕಾರ ಲೋಪ. ಕನ್ನಡದಲ್ಲಿ ತಲಕಟ್ಟು ಇದ್ದರೆ ಅ ಉಂಟು, ಇಲ್ಲದಿದ್ದರೆ ಇಲ್ಲ, ರಾಮ ಬೇರೆ, ರಾಮ್ ಬೇರೆ. ಹಿಂದಿಯಲ್ಲಿ राम ಎಂದು ಬರೆದು "ರಾಮ್" ಎನ್ನುತ್ತಾರೆ, ಹಲಂತ ಬರೆಯುವುದಿಲ್ಲ. ಎರಡು ಹೆಜ್ಜೆಯಲ್ಲಿ ಓದಿ. ಮೊದಲು ಪದದ ಕೊನೆಯ ಅ ಬಿಡಿ: नमक ಎಂಬುದು ನಮಕ್. ಆಮೇಲೆ ಕೊನೆಯಿಂದ ಹಿಂದಕ್ಕೆ ಬರುತ್ತ, ಒಂದು ಅ ಎರಡೂ ಪಕ್ಕಕ್ಕೆ ಸ್ವರವುಳ್ಳ ಒಂದೊಂದು ಅಕ್ಷರ ಇದ್ದರೆ ಅದನ್ನೂ ಬಿಡಿ. नमकीन ಎಂಬುದರಲ್ಲಿ ಕೊನೆಯ ಅ ಹೋಗಿ "ನಮಕೀನ್" ಉಳಿಯಿತು. ಅದರ ಮ ಹಿಂದೆ ನ, ಮುಂದೆ ಕೀ ಇರುವುದರಿಂದ ಮ ಅಕಾರವೂ ಹೋಗಿ "ನಮ್‌ಕೀನ್" ಆಯಿತು. ನಮಕ್ ಪದದಲ್ಲಿ ಮ ಮುಂದೆ ಸ್ವರ ಉಳಿದಿಲ್ಲ, ಹಾಗಾಗಿ ಅಲ್ಲಿ ಅ ಉಳಿಯಿತು. ಒತ್ತಕ್ಷರದ ಪಕ್ಕದ ಅಕಾರ ಮಧ್ಯದಲ್ಲಿ ಸಾಮಾನ್ಯವಾಗಿ ಬೀಳುವುದಿಲ್ಲ. ನೋಟಿನ ಮೇಲಿನ ಸರ್ಕಾರ ಇದೇ ಜಾತಿಯದು: सरकार ಎಂದು ಬಿಡಿಯಾಗಿ ಬರೆದು "ಸರ್‌ಕಾರ್" ಎಂದು ಓದುವುದು.

ಇಷ್ಟು ಕೂಡಿಬಂದರೆ ಓದು ಬಂತು. ಆಗ ಎರಡನೆಯ ತೊಂದರೆ ಶುರುವಾಗುತ್ತದೆ. ಓದಿದ ಪದ ಪರಿಚಿತವಾಗಿ ಕಾಣುವುದರಿಂದ ಅರ್ಥವೂ ಗೊತ್ತೆಂದು ಅನಿಸಿಬಿಡುತ್ತದೆ. ಇದನ್ನು ಒಂದು ಸರಪಳಿಯಿಂದ ತೋರಿಸುವುದು ಒಳ್ಳೆಯದು. ಕನ್ನಡದ ಅವಕಾಶ ಹಿಂದಿಯಲ್ಲಿ अवसर. ಕನ್ನಡದ ಅವಸರ ಹಿಂದಿಯಲ್ಲಿ जल्दी. ಹಿಂದಿಯ अवकाश ಕನ್ನಡದಲ್ಲಿ ರಜೆ. ಸಂಸ್ಕೃತದಲ್ಲಿ ಅವಕಾಶ ಎಂದರೆ ತೆರಪು, ಎಡೆ. ಏನಾದರೂ ಮಾಡಲು ಸಿಗುವ ಎಡೆಯನ್ನು ಕನ್ನಡ ಹಿಡಿದುಕೊಂಡಿತು, ಕೆಲಸದ ನಡುವೆ ಸಿಗುವ ಬಿಡುವನ್ನು ಹಿಂದಿ ಹಿಡಿದುಕೊಂಡಿತು. ಎರಡೂ ಸರಿ, ಆದರೆ ಹೊಸ ಕಚೇರಿಯಲ್ಲಿ ಮೇಲಧಿಕಾರಿಗೆ "ನನಗೆ ಒಂದು ಅವಕಾಶ ಕೊಡಿ" ಎನ್ನಲು ಹೋಗಿ मुझे अवकाश दीजिए ಎಂದರೆ ಅವರು ರಜಾ ಅರ್ಜಿ ಎಲ್ಲಿ ಎಂದು ಕೇಳುತ್ತಾರೆ. मुझे एक अवसर दीजिए ಅಥವಾ ಮಾತಿನಲ್ಲಿ मौक़ा ಎನ್ನಬೇಕು.

ಜೈಪುರದಲ್ಲಿ ನೀವು ಖಂಡಿತ ಓದುವ ಪದ राजकीय. ರಾಜಸ್ಥಾನದ ಸರ್ಕಾರಿ ಶಾಲೆಗಳ ಹೆಸರೇ ಅದರಿಂದ ಶುರುವಾಗುತ್ತದೆ. ಅದು ನಮ್ಮ ರಾಜಕೀಯ ಅಲ್ಲ, "ಸರ್ಕಾರಿ" ಎಂದರ್ಥ. ನಮ್ಮ ರಾಜಕೀಯಕ್ಕೆ ಅವರು राजनीति ಎನ್ನುತ್ತಾರೆ. ಒಂದು ಪ್ರಕಟಣೆಯನ್ನು ಪೂರ್ತಿ ಓದಿ ನೋಡೋಣ:

सोमवार को सभी राजकीय विद्यालयों में अवकाश रहेगा।

ಉಚ್ಚಾರ: ಸೋಮ್‌ವಾರ್ ಕೋ ಸಭೀ ರಾಜ್‌ಕೀಯ್ ವಿದ್ಯಾಲಯೋಂ ಮೇಂ ಅವ್‌ಕಾಶ್ ರಹೇಗಾ. ಕನ್ನಡದ ಕಣ್ಣಿನಿಂದ ಓದಿದರೆ "ಸೋಮವಾರ ಎಲ್ಲ ರಾಜಕೀಯ ವಿದ್ಯಾಲಯಗಳಲ್ಲಿ ಅವಕಾಶ ಇರುತ್ತದೆ" ಎಂದಾಗುತ್ತದೆ. ವ್ಯಾಕರಣ ಸರಿಯಿದೆ, ಮಾತು ಅಸಂಬದ್ಧ. ನಿಜವಾದ ಅರ್ಥ "ಸೋಮವಾರ ಎಲ್ಲ ಸರ್ಕಾರಿ ಶಾಲೆಗಳಿಗೆ ರಜೆ". ರಾಜಕೀಯ ವಿದ್ಯಾಲಯ ಎಂಬುದೇ ಇರಲಾರದು ಎಂದು ಅನಿಸಿದ ಕ್ಷಣ ನಿಲ್ಲಬೇಕು. ಪರಿಚಿತ ಪದ ಅದರ ಪಕ್ಕದ ಪದಕ್ಕೆ ಹೊಂದದಿದ್ದರೆ ಅದೇ ಮೊದಲ ಸುಳಿವು.

ಕಚೇರಿ, ಪತ್ರಿಕೆಗಳ ಹಿಂದಿಯಲ್ಲಿ ಮೇಲಿಂದ ಮೇಲೆ ಬರುವ ಕೆಲವನ್ನು ಮೊದಲೇ ಕಲಿತುಕೊಳ್ಳಿ. शिक्षा ಎಂದರೆ ಶಿಕ್ಷಣ, ದಂಡನೆಯಲ್ಲ. ನಮ್ಮ ಶಿಕ್ಷಣ ಇಲಾಖೆ ಅಲ್ಲಿ शिक्षा विभाग. उद्योग ಎಂದರೆ ಕೈಗಾರಿಕೆ. ಜಿಲ್ಲಾ ಕೈಗಾರಿಕಾ ಕೇಂದ್ರದ ಮೇಲೆ जिला उद्योग केंद्र ಎಂದಿರುತ್ತದೆ, ಅಲ್ಲಿ ಕೆಲಸ ಕೊಡುವುದಿಲ್ಲ. ನಮ್ಮ ಉದ್ಯೋಗಕ್ಕೆ रोज़गार ಅಥವಾ नौकरी. व्यवहार ಎಂದರೆ ನಡವಳಿಕೆ. ಹಣಕಾಸಿನ ವ್ಯವಹಾರಕ್ಕೆ लेन-देन, ವ್ಯಾಪಾರಕ್ಕೆ कारोबार. आलोचना ಎಂದರೆ ಟೀಕೆ, ಹಿಂದಿ ಪತ್ರಿಕೆಯಲ್ಲಿ ಸರ್ಕಾರದ आलोचना ಎಂದಿದ್ದರೆ ಸರ್ಕಾರ ಏನೋ ಆಲೋಚಿಸುತ್ತಿದೆ ಎಂದಲ್ಲ, ಯಾರೋ ಅದನ್ನು ಟೀಕಿಸಿದ್ದಾರೆ. उपन्यास ಎಂದರೆ ಕಾದಂಬರಿ, ನಮ್ಮ ಉಪನ್ಯಾಸಕ್ಕೆ व्याख्यान. अनुमान ಎಂದರೆ ಅಂದಾಜು, ಸಂಶಯಕ್ಕೆ संदेह. उपहार ಎಂದರೆ ಉಡುಗೊರೆ. ನಮ್ಮ ಪದ ಉಪಾಹಾರ, ಹೋಟೆಲು ಫಲಕಗಳಲ್ಲಿ ದೀರ್ಘ ಬಿಟ್ಟು ಬರೆದೂ ಬರೆದೂ ಎರಡೂ ಒಂದೇ ಎಂಬ ಭ್ರಮೆ ಹುಟ್ಟಿದೆ. ತಿಂಡಿಗೆ नाश्ता ಎನ್ನಿ. ನಮ್ಮ ಪ್ರವಾಸಿ ಅಲ್ಲಿ पर्यटक. प्रवासी ಎಂದರೆ ಊರು ಬಿಟ್ಟು ಬೇರೆಡೆ ನೆಲೆಸಿದವನು. ಜನವರಿ 9ರ ಪ್ರವಾಸಿ ಭಾರತೀಯ ದಿವಸ್ ಪ್ರವಾಸೋದ್ಯಮದ ದಿನವಲ್ಲ, ಹೊರದೇಶಗಳಲ್ಲಿ ನೆಲೆಸಿರುವ ಭಾರತೀಯರ ದಿನ.

ಓದುವಾಗ ತಪ್ಪಿದರೆ ನಷ್ಟ ನಿಮಗಷ್ಟೆ, ಮಾತಾಡುವಾಗ ತಪ್ಪಿದರೆ ಎದುರಿನವರಿಗೆ ನೋವಾಗಬಹುದು. ಇಂಥ ಎರಡನ್ನು ಗಟ್ಟಿಯಾಗಿ ನೆನಪಿಡಿ. अभिमानी ಎಂದರೆ ಅಹಂಕಾರಿ. ಒಬ್ಬ ಗಾಯಕರಿಗೆ "ನಾನು ನಿಮ್ಮ ಅಭಿಮಾನಿ" ಎನ್ನಬೇಕಾದರೆ मैं आपका प्रशंसक हूँ ಎನ್ನಬೇಕು. ಇನ್ನೊಂದು ಹುಷಾರು. ಜ್ವರ ಬಂದ ಸಹೋದ್ಯೋಗಿಯನ್ನು "ಹುಷಾರಿಲ್ವಾ?" ಎಂದು ವಿಚಾರಿಸಲು होशियार ಬಳಸಿದರೆ "ನೀವು ಜಾಣರಲ್ಲವೇ?" ಎಂದಾಗುತ್ತದೆ. तबीयत ठीक नहीं है? ಎಂದು ಕೇಳಿ.

ಈ ಹುಷಾರು ಸಂಸ್ಕೃತದ್ದಲ್ಲ, ಪಾರಸಿಯಿಂದ ಬಂದದ್ದು. ಆಡಳಿತದ ಮಾತಾಗಿ ಕನ್ನಡಕ್ಕೆ ಇಳಿದ ಪಾರಸಿ, ಅರಬ್ಬಿ, ಹಿಂದುಸ್ತಾನಿ ಪದಗಳಲ್ಲಿ ಅರ್ಥ ಇನ್ನೂ ದೂರ ಸರಿದಿದೆ, ಅವು ಪರಕೀಯವೆಂದು ನಮಗೆ ಅನಿಸುವುದೇ ಇಲ್ಲವಾದ್ದರಿಂದ ಅನುಮಾನವೂ ಬರುವುದಿಲ್ಲ. ಇಲಾಖೆ ನಮಗೆ ಸರ್ಕಾರದ ವಿಭಾಗ, ಅಲ್ಲಿ इलाक़ा ಎಂದರೆ ಪ್ರದೇಶ, ಬಡಾವಣೆ. ಸವಾಲು ನಮಗೆ ಪಂಥ, ಅಲ್ಲಿ सवाल ಎಂದರೆ ಪ್ರಶ್ನೆ, ಪಂಥಕ್ಕೆ चुनौती. ಕಚೇರಿ ನಮಗೆ ಆಫೀಸು, ಸಂಗೀತ ಕಛೇರಿಯೂ ಹೌದು, ಅಲ್ಲಿ कचहरी ಎಂದರೆ ಕೋರ್ಟು. ರಾಜೀನಾಮೆ ನಮಗೆ ಕೆಲಸ ಬಿಡುವ ಪತ್ರ, ಮರಾಠಿಯಲ್ಲೂ ಹಾಗೇ. ಹಿಂದಿಯಲ್ಲಿ राज़ीनामा ಎಂದರೆ ಎರಡು ಕಡೆಯವರು ರಾಜಿಯಾಗಿ ಬರೆದುಕೊಟ್ಟ ಪತ್ರ. ಕೆಲಸ ಬಿಡುವುದಕ್ಕೆ इस्तीफ़ा ಎನ್ನಬೇಕು. ಕೋರ್ಟು, ಪೊಲೀಸ್ ಠಾಣೆಯ ಕಾಗದದಲ್ಲಿ ಈ ಪದ ಕಂಡರೆ ಸಹಿ ಮಾಡುವ ಮುಂಚೆ ಅರ್ಥ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಪದ ಎಲ್ಲಿಂದ ಬಂತೆಂದು ತಿಳಿದಿದ್ದರೆ ಲಿಂಗವೂ ತಿಳಿಯುತ್ತದೆ. ಹಿಂದಿಯಲ್ಲಿ ಕನ್ನಡಿಗರಿಗೆ ಅತಿ ಕಷ್ಟವಾಗುವುದು ಲಿಂಗವೇ ಆದ್ದರಿಂದ ಇದನ್ನು ಬಿಡಬೇಡಿ. ಕನ್ನಡದಲ್ಲಿ ಎಕಾರಾಂತವಾದ ಸಂಸ್ಕೃತ ಪದ ಹಿಂದಿಯಲ್ಲಿ ಆಕಾರಾಂತವಾಗುತ್ತದೆ ಮತ್ತು ಸ್ತ್ರೀಲಿಂಗವಾಗಿರುತ್ತದೆ: ಭಾಷೆ भाषा, ಯೋಜನೆ योजना, ಘಟನೆ घटना, ಶಿಕ್ಷೆ शिक्षा. ಹಾಗಾಗಿ अच्छी भाषा, अच्छी योजना. ಪಾರಸಿ, ಅರಬ್ಬಿ ಮೂಲದ ಇಲಾಖೆ, ತಮಾಷೆ, ರಾಜೀನಾಮೆಗಳೂ ಹೀಗೆಯೇ ಆಕಾರಾಂತವಾಗುತ್ತವೆ, ಆದರೆ ಇವು ಪುಲ್ಲಿಂಗ: बड़ा इलाक़ा. ಬರಹದಲ್ಲಿ ನುಕ್ತಾದ ಚುಕ್ಕೆ ಇದ್ದರೆ ಪದ ಸಂಸ್ಕೃತದ್ದಲ್ಲ ಎಂದು ತಿಳಿಯಬಹುದು. ड़ ಮತ್ತು ढ़ ಅಡಿಯ ಚುಕ್ಕೆಗೆ ಈ ಮಾತು ಅನ್ವಯಿಸುವುದಿಲ್ಲ, ಅವು ಹಿಂದಿಯದೇ ಧ್ವನಿಗಳು.

ಪಟ್ಟಿ ಬರೆದಿಡುವುದಾದರೆ ಎರಡು ಕಾಲಂ ಸಾಲದು, ಮೂರು ಬೇಕು: ಕನ್ನಡ ಪದ, ಅದೇ ರೂಪಕ್ಕೆ ಹಿಂದಿಯಲ್ಲಿರುವ ಅರ್ಥ, ಕನ್ನಡದ ಅರ್ಥಕ್ಕೆ ಹಿಂದಿಯಲ್ಲಿರುವ ಪದ. ಮೂರನೆಯದನ್ನು ಬಿಟ್ಟರೆ ತಪ್ಪು ಎಂದು ಗೊತ್ತಿದ್ದೂ ಮಾತಿನ ಹೊತ್ತಿಗೆ ಬೇರೆ ಪದ ನೆನಪಾಗದೆ ಹಳೆಯದೇ ಬಾಯಿಗೆ ಬರುತ್ತದೆ. ಹೊರಡುವ ಮುಂಚಿನ ಎರಡು ತಿಂಗಳಲ್ಲಿ ಓದಿನ ಅಭ್ಯಾಸಕ್ಕೆ ನಮ್ಮ ರೈಲು ನಿಲ್ದಾಣಗಳ ಹೆಸರು ಫಲಕಗಳೂ ಒಳ್ಳೆಯವು. ಒಂದೇ ಹೆಸರು ಕನ್ನಡದಲ್ಲೂ ದೇವನಾಗರಿಯಲ್ಲೂ ಇರುತ್ತದೆ. ಮೊದಲು ದೇವನಾಗರಿಯದನ್ನು ಓದಿ, ಆಮೇಲೆ ಕನ್ನಡದ ಮೇಲೆ ಕಣ್ಣು ಹಾಯಿಸಿ ಸರಿಯೋ ತಪ್ಪೋ ನೋಡಿಕೊಳ್ಳಿ. ಧಾರವಾಡದ ಫಲಕದಲ್ಲಿ ಮೊದಲಕ್ಷರ ಘ ಎಂದು ಓದಿದಿರಾದರೆ ತಲೆಯ ಗೆರೆ ಎಲ್ಲಿ ತುಂಡಾಗಿದೆ ಎಂದು ಇನ್ನೊಮ್ಮೆ ನೋಡಿ.